ಅಕ್ಷತೆ ಬಿದ್ದಾಗ ಇಟ್ಟಿಗೆಯಾದ ಮುಖಗಳು

ಹೊಸದುರ್ಗದ ಮಾರುತೇಶ್ ರೇಡಿಯೊ ರಿಪೇರಿ ಬಿಟ್ಟು ಮದುವೆ ವೀಡಿಯೊಗೆ ಇಳಿದವನು. 2009ರಲ್ಲಿ ಅದೇ ಊರಿನ ಚಂದ್ರಕ್ಕನ ಹಿರಿಮಗಳ ಧಾರೆಯ ವೀಡಿಯೊವನ್ನು, ತಾನು ಮೊದಲ ಬಾರಿಗೆ, ಇಂಟರ್‌ನೆಟ್ಟಿಗೆ ಏರಿಸಿದ. ಮರುದಿನವೇ ಚಂದ್ರಕ್ಕ ಅಂಗಡಿಗೆ ಬಂದಳು.

"ಲೇ ಮಾರುತೇಶ, ಅಕ್ಷತೆ ಬಿದ್ದೇಟಿಗೆ ಎಲ್ಲಾರ ಮುಖನೂ ಇಟ್ಟಿಗೆ ಜೋಡ್ಸಿದಂಗೆ ಐತೆ! ಸರಿ ಮಾಡು, ಇಲ್ಲಾಂದ್ರೆ ಕಿರಿಮಗಳ ಮದುವೆಗೆ ಬ್ಯಾರೇರನ್ನ ಕರೀತೀನಿ."

ಮಾರುತೇಶ್ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಬೇಗ ಏರಲೆಂದು ಅವನು ಬಿಟ್‌ರೇಟನ್ನು, ಅಂದರೆ ಒಂದೊಂದು ಸೆಕೆಂಡಿಗೆ ಕೊಡುವ ಮಾಹಿತಿಯನ್ನು, ತೀರಾ ಇಳಿಸಿದ್ದ. ಕೀಫ್ರೇಮ್ ಎಂಬ ಪೂರ್ತಿ ಚಿತ್ರಗಳು ಹೆಚ್ಚಿದ್ದಷ್ಟೂ ಚೆನ್ನವೆಂದು ಒತ್ತೊತ್ತಾಗಿ ತುರುಕಿದ್ದ. ಇದ್ದ ಮಾಹಿತಿಯನ್ನೆಲ್ಲ ಅವೇ ನುಂಗಿದವು. ಒಂದು ಪೂರ್ತಿ ಚಿತ್ರದಿಂದ ಇನ್ನೊಂದರ ನಡುವೆ ಆಗುವ ಬದಲಾವಣೆ ತೋರಿಸಲು ಹೆಚ್ಚೇನೂ ಉಳಿಯಲಿಲ್ಲ. ಕಾಳುಗಳೆಲ್ಲ ಒಟ್ಟಿಗೆ ಹಾರಿದಾಗ ಚಿತ್ರ ಚೌಕಚೌಕವಾಯಿತು. ಏರಿಸಿದ ಜಾಲತಾಣ ಅದನ್ನು ಮತ್ತೊಮ್ಮೆ ಕುಗ್ಗಿಸಿ ಇನ್ನಷ್ಟು ಕೆಡಿಸಿತು.

ಮಾರುತೇಶ್ ಮೂಲ ಟೇಪಿನಿಂದ ವೀಡಿಯೊವನ್ನು ಹೊಸದಾಗಿ ಮಾಡಿದ. ಕಡಿಮೆ ಮಾಹಿತಿಯಲ್ಲೇ ಹೆಚ್ಚು ವಿವರ ಹಿಡಿಯುವ ಹೊಸ ಕೋಡೆಕ್, ಅಂದರೆ ವೀಡಿಯೊ ಕುಗ್ಗಿಸುವ ವಿಧಾನ, ಆರಿಸಿ, ಬಿಟ್‌ರೇಟ್ ಏರಿಸಿ, ಎರಡು ಸೆಕೆಂಡಿಗೊಂದು ಕೀಫ್ರೇಮ್ ಇಟ್ಟ. ಏರಲು ಅರ್ಧ ದಿನ ಹಿಡಿಯಿತು.

ಈಗ ಕಾಳು ಕಾಳೂ ಕಂಡಿತು. ಚಂದ್ರಕ್ಕ ಎಸೆದ ಅಕ್ಷತೆ ವಧೂವರರ ತಲೆ ಬಿಟ್ಟು ಬೀಗಿತ್ತಿಯ ಮೂಗಿಗೆ ಬಡಿಯುವುದೂ, ಚಂದ್ರಕ್ಕ ಅದೇ ಮೂಗಿಗೆ ಗುರಿ ನೋಡಿ ಮತ್ತೊಂದು ಹಿಡಿ ಎತ್ತುವುದೂ ಕಂಡವು.

ಮಾರುತೇಶ್ ಚಂದ್ರಕ್ಕನನ್ನು ಕರೆದು ತೋರಿಸಿದ. "ಅಕ್ಕಾ, ಈಗ ಕನ್ನಡಿ ಇದ್ದಂಗೆ ಐತಲ್ಲ?"

"ಬೀಗಿತ್ತಿ ನೋಡೋದ್ರೊಳಗೆ ತೆಗಿಯಪ್ಪ! ಆ ಇಟ್ಟಿಗೆದೇ ಹಾಕು. ಕಿರಿಮಗಳ ಮದುವೆಗೂ ನೀನೇ ಬಾ, ಹಂಗೇ ಮಾಡ್ಕೊಡು."