ತೂಗದೆ ಬಿಟ್ಟ ರಾಶಿ

ಹಿಂದಿನ ಕೋಣೆಯ ರಾಶಿಯನ್ನು ನಾನು ತೂಗಿಸಲಿಲ್ಲ. ತೂಗಿಸಿ ಬರೆದಿದ್ದೇನೆ ಎಂದು ತಮ್ಮನಿಗೆ ಹೇಳಿದೆ. ಗೋಡೌನು ಸುಟ್ಟುಹೋದ ಮೇಲೆ ನಿಜ ಹೇಳು ಎಂದು ಒಬ್ಬರು ಎದುರಿಗೆ ಕುಳಿತು ಕೇಳಿದಾಗಲೂ ಹೇಳಲಿಲ್ಲ. ನನ್ನ ತಪ್ಪು ಇಷ್ಟೇ. ಬರೆದರೆ ಮೂರು ಸಾಲು.

ನಮ್ಮದು ಹಳೆಯ ಗೋಣಿಚೀಲದ ವ್ಯಾಪಾರ. ಸಕ್ಕರೆ, ಅಕ್ಕಿ, ಬೇಳೆ ತುಂಬಿ ಖಾಲಿಯಾದ ಚೀಲಗಳನ್ನು ನನ್ನ ತಮ್ಮ ಗಿರಣಿಗಳಿಂದ, ಮಂಡಿಗಳಿಂದ ಲಾರಿಗಟ್ಟಲೆ ತರಿಸುತ್ತಿದ್ದ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಗೋಡೌನು. ಅಲ್ಲಿ ಹೆಂಗಸರು ಕುಳಿತು ಚೀಲ ಕೊಡವಿ, ಆಯ್ದು, ಹರಿದದ್ದಕ್ಕೆ ತೇಪೆ ಹಾಕಿ, ಇಪ್ಪತ್ತೈದರ ಕಟ್ಟು ಕಟ್ಟುತ್ತಿದ್ದರು. ಆಲೂಗಡ್ಡೆ ಕೀಳುವ ಕಾಲಕ್ಕೆ ಸಾಲಗಾಮೆ ಕಡೆಯವರು, ಅರಕಲಗೂಡಿನವರು ಟೆಂಪೊ ತಂದು ಕೊಂಡುಹೋಗುತ್ತಿದ್ದರು. ಆ ಹೆಂಗಸರ ಮೇಲ್ವಿಚಾರಣೆ ನನ್ನದು. ಗಂಡನ ಮನೆಯಿಂದ ಬಂದು ತಮ್ಮನ ಮನೆ ಸೇರಿದವಳಿಗೆ ಅವನು ಕೊಟ್ಟ ಕೆಲಸ ಅದು. ನಾನು ಓದಿದ್ದು ಏಳನೆಯ ತರಗತಿ. ಆದರೂ ಕಟ್ಟಿನ ಲೆಕ್ಕದಲ್ಲಿ ಒಂದು ಚೀಲ ತಪ್ಪುತ್ತಿರಲಿಲ್ಲ. ‘ನಮ್ಮಕ್ಕ ಬರೆದ್ರೆ ಮುಗೀತು’ ಎಂದು ತಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇತ್ತು. ಆಯ್ದು ಕಟ್ಟು ಕಟ್ಟಿದ ಚೀಲ ಮಾತ್ರ ಎಣಿಕೆಗೆ. ಬಿಡಿಯಾಗಿ ಬಿದ್ದಿರುವ ರಾಶಿಯಲ್ಲಿ ಎಷ್ಟು ಒಳ್ಳೆಯದು, ಎಷ್ಟು ಹರಕು ಎಂದು ಯಾರು ಹೇಳಬಲ್ಲರು? ದಿನನಿತ್ಯದ ಕೆಲಸಕ್ಕೆ ಅದು ಸರಿಯಾದ ರೂಢಿಯೇ. ವರ್ಷದ ಕೊನೆಯ ಲೆಕ್ಕಕ್ಕೆ ಮಾತ್ರ ರಾಶಿಯನ್ನೂ ತೂಗಿಸಿ, ತೂಕದಿಂದ ಚೀಲ ಅಂದಾಜು ಮಾಡಿ, ಕೊಂಡ ಬೆಲೆ ಹಾಕಿ ಸೇರಿಸಬೇಕು.

ಆ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ಎರಡು ಲಾರಿ ಖಾಲಿ ಸಕ್ಕರೆ ಚೀಲ ಬಂತು. ಅಷ್ಟೊಂದು ಬೇಡ ಎಂದು ನಾನು ಹೇಳಿದ್ದೆ, ತಮ್ಮ ಕೇಳಿರಲಿಲ್ಲ. ಇಳಿಸಿ ಹಿಂದಿನ ಕೋಣೆಗೆ ಸುರಿಸಿದೆವು. ಸೂರಿನವರೆಗೂ ರಾಶಿ.

“ಅಕ್ಕಾ, ಇಂದ್ಲ ರೂಮಿಂದೂ ತೂಗ್ಸಿ ಬರ್ಕೊಂಡ್ಬುಡು. ಬಿಲ್ಲು ಖರೀದಿಗೆ ಸೇರೋಗೈತೆ” ಅಂದ.

“ತೂಗುಸ್ತೀನಿ ಓಗ್ಲಾ. ಬ್ಯಾಡ ಬ್ಯಾಡ ಅಂದ್ರೂ ತಂದು ಸುರ್ದವ್ನೆ, ಈಗ ತೂಗ್ಬೇಕಂತೆ.”

“ತಂದಿದ್ಕೇ ಅಲ್ವಾ ನಿಂಗೆ ಕೆಲ್ಸ? ಇಲ್ದಿದ್ರೆ ಮನೇಲಿ ನನ್ನೆಂಡ್ತಿ ಜತೆ ಜಗಳ ಆಡ್ಕೊಂಡ್ ಕೂತಿರ್ತಿದ್ದೆ” ಎಂದು ನಕ್ಕು ಗಾಡಿ ಹತ್ತಿದ.

ಬಿಸಿಲು, ತಗಡಿನ ಸೂರು, ಸಕ್ಕರೆ ಅಂಟಿದ ಚೀಲದ ಧೂಳು. ಹೆಂಗಸರೂ ಗೊಣಗಿದರು. ನಾಳೆ ತೂಗಿಸೋಣ ಎಂದುಕೊಂಡೆ. ನಾಳೆ ಬರುವುದರೊಳಗೆ ಆಡಿಟರ್ ಕಡೆಯಿಂದ ಎಣಿಕೆ ಕೇಳಿ ಫೋನ್ ಬಂತು. ಕಟ್ಟು ಕಟ್ಟಿದ್ದನ್ನಷ್ಟೇ ಬರೆದು ಕೊಟ್ಟೆ. ಹದಿನಾರು ಲಕ್ಷದ ಮಾಲು ಎಂದು ಅವರು ಬೆಲೆ ಕಟ್ಟಿದರು. ಬಿಲ್ಲಿನಂತೆ ಹಿಂದಿನ ಕೋಣೆಯ ರಾಶಿಗೆ ಬಿದ್ದಿದ್ದ ನಾಲ್ಕು ಲಕ್ಷ ಅದರಲ್ಲಿ ಇರಲಿಲ್ಲ. ರಾಶಿಯನ್ನೂ ತೂಗಿಸಿ ಬರೆದಿದ್ದೇನೆ ಎಂದೆ; ತಮ್ಮ ಓದಿ ನೋಡದೆ ಸಹಿ ಹಾಕಿದ.

ಲೆಕ್ಕ ಮುಗಿದ ಮೇಲೆ ಹಾಸನದ ಆಡಿಟರ್ ಅವನನ್ನು ಕೇಳಿದರಂತೆ: ಪ್ರತಿ ವರ್ಷ ನೂರು ರೂಪಾಯಿ ಮಾರಾಟಕ್ಕೆ ಇಪ್ಪತ್ತು ರೂಪಾಯಿ ಲಾಭ ಬರುತ್ತಿತ್ತು, ಈ ಸಲ ಹದಿನೈದೇ ಬಂದಿದೆ, ಯಾಕೆ? ಮನೆಗೆ ಬಂದವನು ಊಟದ ಮುಂದೆ ಕುಳಿತು, “ನಾನೇ ಸೀಜನ್ನಲ್ಲಿ ಅಗ್ಗಕ್ಕೆ ಕೊಟ್ಬುಟ್ಟೆ ಅಂತ ಕಾಣ್ತದೆ” ಅಂದ. ಅವನ ಹೆಂಡತಿ ಸಾರು ಬಡಿಸುತ್ತಾ, “ಬಂದವ್ರೆಲ್ಲ ನೆಂಟ್ರೇ ನಿಮ್ಗೆ. ರೇಟು ಬಿಗಿ ಇಡಿಯಕ್ಕೇ ಬರಾಕಿಲ್ಲ” ಅಂದಳು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಲಾಭ ಕಡಿಮೆ ಕಂಡರೆ ತೆರಿಗೆಯೂ ಕಡಿಮೆ, ರಾಶಿಯ ಚೀಲವೆಲ್ಲ ಆಯ್ದು ಕಟ್ಟಾಗಿದೆ, ಯಾರಿಗೆ ನಷ್ಟ ಎಂದು ಸಮಾಧಾನ ಮಾಡಿಕೊಂಡೆ.

ಆಲೂಗಡ್ಡೆ ಕಾಲ ಮುಗಿಯುತ್ತಿದ್ದಾಗ ಗೋಡೌನಿಗೆ ಬೆಂಕಿ ಬಿತ್ತು. ಕರೆಂಟಿನ ವೈರು ಎಂದರು. ಗೋಣಿಗೆ ಬಿದ್ದ ಬೆಂಕಿ ಧಗಧಗ ಉರಿಯುವುದಕ್ಕಿಂತ ಒಳಗೊಳಗೇ ಸುಡುವುದು ಜಾಸ್ತಿ. ಫೈರ್ ಎಂಜಿನ್ ನೀರು ಹೊಡೆದು ಹೋದ ಮೇಲೂ ರಾಶಿ ಕೆದಕಿದಲ್ಲೆಲ್ಲ ಕೆಂಡ. ತಮ್ಮ ಅಂಗಿ ಕಳಚಿ ಸಲಿಕೆ ಹಿಡಿದು ಕೆದಕುತ್ತಲೇ ಇದ್ದ. ಹೆಂಗಸರು ರಸ್ತೆಯ ಪಕ್ಕ ತೇಪೆಯ ಸೂಜಿ ಹಿಡಿದುಕೊಂಡೇ ನಿಂತಿದ್ದರು.

ಇನ್ಶೂರೆನ್ಸ್ ಇಪ್ಪತ್ತೈದು ಲಕ್ಷಕ್ಕಿತ್ತು. ಅದೊಂದೇ ಧೈರ್ಯ. ಬ್ಯಾಂಕಿನವರು ಮಾಲಿನ ಮೇಲೆ ಕೊಟ್ಟ ಸಾಲವನ್ನು ಮೊದಲು ಹಿಡಿದುಕೊಳ್ಳುತ್ತಾರೆ, ಉಳಿದದ್ದರಲ್ಲಿ ಗಿರಣಿಗೆ ಮುಂಗಡ ಕಟ್ಟಿದರೆ ಮತ್ತೆ ಶುರು ಮಾಡಬಹುದು ಎಂದು ತಮ್ಮ ಲೆಕ್ಕ ಹಾಕಿದ್ದ.

ನಷ್ಟ ಎಷ್ಟೆಂದು ನೋಡಲು ಇನ್ಶೂರೆನ್ಸಿನ ಸರ್ವೇಯರ್ ಬಂದರು. ಸುಟ್ಟ ಜಾಗ ನೋಡಿ, ಫೋಟೊ ತೆಗೆದು, ಪೇಟೆಯಲ್ಲಿದ್ದ ನಮ್ಮ ಅಂಗಡಿಯಲ್ಲಿ ಕುಳಿತರು. ಲೆಕ್ಕದ ಕಾಗದವೆಲ್ಲ ಅಂಗಡಿಯಲ್ಲಿದ್ದುದರಿಂದ ಉಳಿದಿತ್ತು. ತಾಳ್ಮೆಯ ಮನುಷ್ಯ. ತಮ್ಮ ಕೇಳುವ ಮೊದಲೇ ಬಿಡಿಸಿ ಹೇಳಿದರು.

“ನೋಡಿ, ಬೂದಿನ ಎಣಿಸೋಕಾಗಲ್ಲ. ಅದಕ್ಕೇ ಹೋದ ವರ್ಷದ ಲಾಭದ ಪ್ರಮಾಣ ಹಿಡೀತೀವಿ. ಹೋದ ವರ್ಷ ಶುರುವಿನಲ್ಲಿದ್ದ ಮಾಲು ಹದಿನಾಲ್ಕು ಲಕ್ಷ. ಖರೀದಿ, ಲಾರಿ ಬಾಡಿಗೆ, ತೇಪೆ ಕೂಲಿ ಸೇರಿ ಎಪ್ಪತ್ತು. ಒಟ್ಟು ಎಂಬತ್ನಾಲ್ಕು. ಮಾರ್ಚ್ ಕೊನೆಗೆ ಉಳಿದದ್ದು ಹದಿನಾರು. ಅಂದ್ರೆ ಮಾರಿದ ಮಾಲಿಗೆ ನಿಮಗೆ ಬಿದ್ದ ಅಸಲು ಬೆಲೆ ಅರವತ್ತೆಂಟು. ಮಾರಾಟ ಎಂಬತ್ತು. ಲಾಭ ಹನ್ನೆರಡು, ನೂರಕ್ಕೆ ಹದಿನೈದು.”

“ಸರಿ ಸಾ.”

“ಈ ವರ್ಷ ಬೆಂಕಿ ಬೀಳೋವರೆಗೆ ನಲವತ್ತು ಲಕ್ಷ ಮಾರಿದ್ದೀರಿ. ಅದೇ ಪ್ರಮಾಣದಲ್ಲಿ ಲಾಭ ಆರು ತೆಗೆದ್ರೆ ಮಾರಿದ ಮಾಲಿನ ಅಸಲು ಮೂವತ್ನಾಲ್ಕು. ಶುರುವಿನಲ್ಲಿ ಹದಿನಾರು, ಖರೀದಿ ಖರ್ಚು ಮೂವತ್ತಾರು, ಒಟ್ಟು ಐವತ್ತೆರಡು. ಮೂವತ್ನಾಲ್ಕು ಕಳೆದ್ರೆ ಹದಿನೆಂಟು. ಬೆಂಕಿ ಬಿದ್ದ ದಿನ ಇದ್ದದ್ದು ಹದಿನೆಂಟು ಲಕ್ಷದ ಮಾಲು.”

ತಮ್ಮ ಎದ್ದು ನಿಂತ. “ಇಲ್ಲ ಸಾ! ಕಣ್ಣಾರೆ ನೋಡಿವ್ನಿ. ಇಪ್ಪತ್ತರ ಮ್ಯಾಕೇ ಇತ್ತು. ಎರ್ಡೂ ರೂಮು ತುಂಬಿತ್ತು.”

“ಕಣ್ಣಿನ ಲೆಕ್ಕ ನಡೆಯಲ್ಲ ಸ್ವಾಮಿ. ಕಾಗದದಲ್ಲಿ ತಪ್ಪಿದ್ರೆ ತೋರಿಸಿ.” ಅವರು ನನ್ನ ಕಡೆ ತಿರುಗಿದರು. “ಮಾರ್ಚ್ ಎಣಿಕೆ ನಿಮ್ಮದಂತೆ ಅಲ್ವಾ ಅಮ್ಮ? ಎಲ್ಲಾ ಬಂದಿದೆಯಾ? ಏನಾದ್ರೂ ಬಿಟ್ಟಿದ್ರೆ ಈಗಲೇ ಹೇಳಿ. ಲಾರಿ ಚೀಟಿ, ಇಳಿಸಿದ ಕೂಲಿ ಚೀಟಿ ಇದ್ರೆ ನೋಡಿ ಸರಿ ಮಾಡಬಹುದು. ತೆರಿಗೆ ಕಡೇದು ಆಡಿಟರ್ ನೋಡ್ಕೋತಾರೆ. ಲಾಭದ ಪ್ರಮಾಣವೂ ಬದಲಾಗುತ್ತೆ.”

ಎರಡೂ ಚೀಟಿ ಅಲ್ಲೇ ಮೊಳೆಗೆ ಚುಚ್ಚಿದ ಕಾಗದದ ಗೊಂಚಲಲ್ಲಿದ್ದವು. ನನಗೆ ಗೊತ್ತಿತ್ತು. ತಮ್ಮ ನನ್ನ ಮುಖ ನೋಡಿದ. ಅವನ ಹೆಂಡತಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ಈ ಮನೆಯಲ್ಲಿ ನನಗಿದ್ದ ಜಾಗವೆಲ್ಲ ಆ ಎಣಿಕೆಯ ಮೇಲೆ ನಿಂತಿದೆ ಎಂದು ಆ ಗಳಿಗೆಯಲ್ಲಿ ಅನ್ನಿಸಿತು.

“ಎಲ್ಲಾ ಬರ್ದಿದ್ದೀನಿ ಸಾ” ಅಂದೆ.

ತಮ್ಮ ಕುಳಿತುಬಿಟ್ಟ. “ಅಕ್ಕ ಬರ್ದವ್ಳೆ ಅಂದ್ರೆ ಸರಿಯಾಗೇ ಇರ್ತದೆ ಬುಡಿ ಸಾ. ನನ್ ಕಣ್ಣೇ ಮೋಸ ಮಾಡಿರ್ಬೇಕು.”

ಅರೆ ಸುಟ್ಟು ನೆಂದ ಚೀಲಕ್ಕೆ ಐವತ್ತು ಸಾವಿರ ಬೆಲೆ ಕಟ್ಟಿ ಕಳೆದರು. ನಷ್ಟ ಹದಿನೇಳೂವರೆ ಲಕ್ಷ ಎಂದಾಯಿತು. ಅದರಲ್ಲೂ ಪಾಲಿಸಿಯ ಷರತ್ತಿನಂತೆ ಸ್ವಲ್ಪ ಮುರಿದುಕೊಳ್ಳುತ್ತಾರಂತೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಹಾಸನಕ್ಕೆ ನಾನೂ ಹೋದೆ. ಆಡಿಟರ್ ಆಫೀಸಿನ ಬೆಂಚಿನ ಮೇಲೆ ಕುಳಿತು, ಸರ್ವೇಯರ್ ಹೇಳಿದ ದಾರಿಯಲ್ಲೇ ನನ್ನ ನಾಲ್ಕು ಲಕ್ಷ ಸೇರಿಸಿ ಲೆಕ್ಕ ಮಾಡಿ ನೋಡಿದೆ. ಅಲ್ಲಿಯವರೆಗೆ ನಾಲ್ಕು ಬಿಟ್ಟಿದ್ದಕ್ಕೆ ನಾಲ್ಕೇ ಹೋಗುತ್ತದೆ ಎಂದುಕೊಂಡಿದ್ದೆ.

ಉಳಿದ ಮಾಲು ಇಪ್ಪತ್ತು ಎಂದು ಬರೆದಿದ್ದರೆ ಹೋದ ವರ್ಷದ ಅಸಲು ಅರವತ್ನಾಲ್ಕಕ್ಕೆ ಇಳಿಯುತ್ತಿತ್ತು. ಲಾಭ ಹದಿನಾರು, ನೂರಕ್ಕೆ ಇಪ್ಪತ್ತೇ. ಈ ವರ್ಷದ ನಲವತ್ತರ ಮಾರಾಟದಲ್ಲಿ ಮಾಲಿನ ಅಸಲು ಮೂವತ್ತೆರಡೇ. ಇಪ್ಪತ್ತಕ್ಕೆ ಮೂವತ್ತಾರು ಕೂಡಿಸಿ ಮೂವತ್ತೆರಡು ಕಳೆದರೆ ಇಪ್ಪತ್ನಾಲ್ಕು. ತಮ್ಮನ ಕಣ್ಣು ಮೋಸ ಮಾಡಿರಲಿಲ್ಲ. ನಾನು ಬಿಟ್ಟ ರಾಶಿ ಶುರುವಿನ ಮಾಲಿನಲ್ಲಿ ನಾಲ್ಕು ತಿಂದಿತ್ತು, ಲಾಭದ ಪ್ರಮಾಣ ಇಳಿಸಿ ಇನ್ನೆರಡು ತಿಂದಿತ್ತು. ಒಟ್ಟು ಆರು ಲಕ್ಷ. ಪಾಲಿಸಿಯೂ ಅಷ್ಟಕ್ಕೆ ಸಾಲುತ್ತಿತ್ತು.

ಒಳಗೆ ಹೋಗಿ ಹೇಳಬೇಕು ಎಂದು ಎದ್ದೆ. ಬಾಗಿಲ ತನಕ ಹೋಗಿ ಮತ್ತೆ ಬಂದು ಕುಳಿತೆ. ತಮ್ಮ ಪೆನ್ನಿನ ಮುಚ್ಚಳ ಹಾಕಿಕೊಳ್ಳುತ್ತಾ ಹೊರಗೆ ಬಂದ. ಇದೇ ಪೂರ್ತಿ, ಇದರ ಮೇಲೆ ಕೇಳುವುದೇನಿಲ್ಲ ಎಂದು ಬರೆದುಕೊಟ್ಟಿದ್ದ.

ಹಣ ಬಂತು. ಬ್ಯಾಂಕಿನ ಸಾಲಕ್ಕೆ ಬಹುಪಾಲು ಹೋಯಿತು. ಗಿರಣಿಯ ಹಳೆಯ ಬಾಕಿ ತೀರಿಸಿದ ಮೇಲೆ ಮುಂಗಡಕ್ಕೆ ಏನೂ ಉಳಿಯಲಿಲ್ಲ. ತೇಪೆ ಹಾಕುತ್ತಿದ್ದ ಹೆಂಗಸರು ಬೇರೆ ಬೇರೆ ಕಡೆ ಕೂಲಿಗೆ ಹೋದರು. ಒಬ್ಬಳು ದಾರಿಯಲ್ಲಿ ಸಿಕ್ಕಾಗ, “ಯಾವಾಗಕ್ಕಾ ಗೋಡೌನು ತೆಗಿಯಾದು?” ಎಂದು ಕೇಳಿದಳು. ತಮ್ಮ ಅಂಗಡಿ ಬಿಟ್ಟುಕೊಟ್ಟು ಅರಕಲಗೂಡಿನಲ್ಲಿ ಬೇರೊಬ್ಬರ ಚೀಲದ ಗೋಡೌನಿನಲ್ಲಿ ಸಂಬಳಕ್ಕೆ ಸೇರಿದ. ಮೊದಲು ಇವನ ಹತ್ತಿರ ಉದ್ದರಿ ಚೀಲ ಒಯ್ಯುತ್ತಿದ್ದವರ ಗೋಡೌನು ಅದು. ಮನೆಯಲ್ಲಿ ಅವನ ಹೆಂಡತಿ ಮಾತೆತ್ತಿದರೆ, “ಅಗ್ಗಕ್ಕೆ ಮಾರಿ ಮಾರಿ ಮನೆ ತೊಳ್ದ್ರಿ” ಅನ್ನುವಳು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುವನು. ನಾನು ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ.

ಹೀಗೇ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ. ತಮ್ಮ ಗೋಡೌನಿನ ಅಂಗಳದಲ್ಲಿ ಲಾರಿಯಿಂದ ಚೀಲ ಇಳಿಸುತ್ತಿದ್ದ.

“ಏನಕ್ಕಾ, ಕೆಲ್ಸ ಕೇಳಾಕ್ ಬಂದ್ಯಾ? ನಮ್ ಸಾವ್ಕಾರ್ರು ಬಲೇ ಜುಗ್ಗ ಕಣಕ್ಕಾ” ಎಂದು ನಕ್ಕ. ಟೀ ತರಿಸಿದ.

ಟೀ ಕುಡಿಯದೆ ಎಲ್ಲವನ್ನೂ ಹೇಳಿದೆ. ಹಿಂದಿನ ಕೋಣೆ, ತೂಗದ ರಾಶಿ, ನಾಲ್ಕು ಹೋಗಿ ಆರಾದದ್ದು. ಅವನು ಲೋಟ ಕೆಳಗಿಟ್ಟ.

“ಸರ್ವೇಯರ್ ಕೇಳ್ದಾಗ ನಿಂಗೆ ಗ್ಯಾನ ಇತ್ತಾ?”

“ಇತ್ತು.”

“ಸೈನ್ ಹಾಕ್ದಾಗ?”

“ಆಗ್ಲೂ ಇತ್ತು. ಬೆಂಚ್ ಮ್ಯಾಲೆ ಕುಂತ್ಕಂಡು ಲೆಕ್ಕನೂ ಹಾಕಿದ್ದೆ.”

ಅವನು ಲಾರಿಯ ಕಡೆ ತಿರುಗಿದ. “ದುಡ್ಡು ಓಗ್ಲಿ ಅಕ್ಕ. ವ್ಯಾಪಾರ ಗೊತ್ತಿಲ್ದೋನು ಅಂತ ನಾನೇ ನಂಬ್ಕೊಂಡ್ಬುಟ್ಟಿದ್ನಲ್ಲಾ. ನಿನ್ನೆದ್ರುಗೇ ಅವ್ಳು ದಿನಾ ಬಯ್ಯೋಳು. ಒಂದ್ ದಿನನಾದ್ರೂ ಬಾಯಿ ಬಿಡ್ಲಿಲ್ವಲ್ಲಾ ನೀನು.”

ಹಮಾಲರು ಚೀಲ ಹೊತ್ತು ನಮ್ಮ ನಡುವೆ ಹಾದುಹೋಗುತ್ತಿದ್ದರು. ನಾನು ಎದ್ದು ನಿಂತೆ. ಅವರಿಗೂ ಕೇಳಿಸುವ ಹಾಗೆಯೇ ಹೇಳಿದೆ:

“ನೀನು ಅಗ್ಗಕ್ಕೆ ಮಾರ್ಲಿಲ್ಲ ಕಣಪ್ಪ. ನಾನು ಸುಳ್ಳು ಬರ್ದೆ, ಸುಳ್ಳು ಹೇಳ್ದೆ. ಇವತ್ತು ಮನೆಗ್ ಓಗಿ ನಿನ್ನೆಂಡ್ತಿ ಮುಂದೂ ಇದ್ನೇ ಹೇಳ್ತೀನಿ. ತಪ್ಪಾಯ್ತು ಕಣಪ್ಪ, ನಂದು ತಪ್ಪಾಯ್ತು.”