ಕ್ರಿಯೇಟಿನ್ ಮತ್ತು ಅಪ್ಪನ ಕಾಟಾ

ಬಾಗಲಕೋಟೆಯಲ್ಲಿದ್ದ ಅಪ್ಪನ ದಲಾಲಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇತ್ತು. ಬಂದವರೆಲ್ಲ ಅದರ ಮೇಲೊಮ್ಮೆ ಹತ್ತಿ ನಿಲ್ಲುವುದು, ಹಮಾಲರು ತೂಕವನ್ನು ಕೂಗಿ ಹೇಳುವುದು, ಎಲ್ಲರೂ ನಗುವುದು ಅಲ್ಲಿನ ರೂಢಿ. ಆ ನಗುವಿಗೆ ಅಂಜಿಯೇ ಕಾಲೇಜಿನ ದಿನಗಳಲ್ಲಿ ಊಟ ಬಿಟ್ಟವನು ನಾನು. ಉಂಡಷ್ಟನ್ನೂ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳಿಟ್ಟು ಕಕ್ಕುತ್ತಿದ್ದೆ. ಕೊನೆಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಾಗ ಅವ್ವ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ನನ್ನನ್ನು ಮತ್ತೆ ಊಟಕ್ಕೆ ಕೂರಿಸಲು ವರ್ಷಗಟ್ಟಲೆ ಹೆಣಗಿದರು. ಕಾಟಾ ಹತ್ತಬೇಡ ಎಂದು ತಾಕೀತು ಮಾಡಿದ್ದರು.

ಆಮೇಲೆ ನವನಗರದ ಜಿಮ್ಮಿಗೆ ಸೇರಿದೆ. ಅಲ್ಲಿನ ಉಸ್ತಾದರು ಹುಬ್ಬಳ್ಳಿಯಿಂದ ಕ್ರಿಯೇಟಿನ್ ಪುಡಿಯ ಡಬ್ಬಿ ತರಿಸಿ, "ದಿನಾ ಒಂದು ಸಣ್ಣ ಚಮಚೆ ತಗೋ, ಭಾರ ಎತ್ತಾಕ ಬಲ ಬರ್ತದ" ಅಂದರು. ನನ್ನ ಹಳೆಯ ಕಥೆ ಅವರಿಗೆ ಗೊತ್ತಿರಲಿಲ್ಲ. ಬಲವೇನೋ ಬಂತು, ಖರೆ. ಆದರೆ ವಾರ ಕಳೆದಿರಲಿಲ್ಲ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಾಟಾ ಹತ್ತಿದೆ. ಡಬ್ಬಿ ಕೊಡುವಾಗ ಉಸ್ತಾದರು ತೂಗಿದ್ದಕ್ಕಿಂತ ಒಂದೂವರೆ ಕಿಲೋ ಹೆಚ್ಚಿಗೆ ತೋರಿಸಿತು! ಹೊಟ್ಟೆ ಹಿಡಿದು ನೋಡಿದೆ, ಕೆನ್ನೆ ಹಿಂಡಿ ನೋಡಿದೆ. ಮಧ್ಯಾಹ್ನ ಅವ್ವ ಕೊಟ್ಟುಕಳಿಸಿದ ರೊಟ್ಟಿಯನ್ನು ದನಕ್ಕೆ ಹಾಕಿ, ಖಾಲಿ ಬುತ್ತಿಡಬ್ಬಿ ಮನೆಗೆ ತಂದಿಟ್ಟೆ. ಹಾಳಾದ ರೋಗ, ಎಲ್ಲೂ ಹೋಗಿರಲೇ ಇಲ್ಲ.

ಹಾಗೆ ಅನ್ನಿಸಿದ್ದೇ ತಡ, ಹೆದರಿ ಸಂಜೆಯೇ ದವಾಖಾನೆಗೆ ಓಡಿದೆ.

"ಅದು ನೀರಪ್ಪಾ, ಕೊಬ್ಬಲ್ಲ," ಅಂದರು ಡಾಕ್ಟರಮ್ಮ. "ಆ ಪುಡಿ ಸ್ನಾಯುದಾಗ ನೀರು ಹಿಡಿದಿಡ್ತದ. ಮೊದಮೊದಲು ಒಂದೆರಡು ಕಿಲೋ ಏರೋದು ಇದ್ದದ್ದ. ಮೈಯಾಗ ಬ್ಯಾರೆ ತ್ರಾಸ ಇಲ್ಲದವರಿಗೆ ಅದು ಕೆಟ್ಟದ್ದೇನಲ್ಲ." ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು: "ಅದಿರಲಿ, ಮಧ್ಯಾಹ್ನ ಏನುಂಡಿ?"

"ರೊಟ್ಟಿ ದನಕ್ಕ ಹಾಕಿದ್ನಿರಿ," ಅಂದೆ.

ಡಾಕ್ಟರಮ್ಮ ತಮ್ಮ ತೂಕದ ಮಷೀನಿನ ಮೇಲೆ ನನ್ನನ್ನು ಬೆನ್ನು ತಿರುಗಿಸಿ ನಿಲ್ಲಿಸಿದರು. ಎಷ್ಟು ಬಂತೆಂದು ಹೇಳಲಿಲ್ಲ. ಇನ್ನು ಮುಂದೆ ಅವರಷ್ಟೇ ನೋಡುವುದು, ನಾನು ನೋಡುವಂತಿಲ್ಲ.

"ಹಂಗಾರ ಪುಡಿ ಬಿಡ್ತೇನ್ರಿ. ಬಿಟ್ಟರ ತೂಕ ಇಳೀತದೇನ್ರಿ?"

"ಇಳೀತದ. ಈಗ ಬಿಡೋದ ಛಲೋ. ಉಸ್ತಾದರಿಗೂ ಖರೆ ಹೇಳು. ಆದರ ತೂಕ ಏರಿದ್ದಕ್ಕ ನಾ ಅಂಜಿಲ್ಲ. ಇಳಿದಾಗ ನಿನಗ ಖುಷಿ ಆಗ್ತದಲ್ಲ, ಅದಕ್ಕ ಅಂಜೇನಿ."

ಇಳಿಯುತ್ತದೆ ಎಂಬ ಮಾತು ಕಿವಿಗೆ ಬಿದ್ದೊಡನೆ ಆ ಖುಷಿ ನನ್ನೊಳಗೆ ಆಗಲೇ ಎದ್ದು ಕೂತಿತ್ತು.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ನಿಂತುಕೊಂಡೇ ಹೇಳಿದೆ: "ಅವ್ವಾ, ಮಧ್ಯಾಹ್ನ ನಾ ಉಂಡಿಲ್ಲ." ಅವಳ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಬಯ್ಯಲಿಲ್ಲ. ತಾಟು ಹಾಕಿ ಎದುರಿಗೆ ಕೂತಳು. ನಾನು ಉಂಡು ಕೈ ತೊಳೆದ ಮೇಲೆ ಎದ್ದು ಹೋಗಿ ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು; ನಾನು ಮಲಗುವತನಕ ಏಳಲಿಲ್ಲ.