ದುಗ್ಗುವಿನ ಬಲಗೈ ಹೆಬ್ಬೆರಳು

ದುಗ್ಗುವಿನಂಥ ಹಟಮಾರಿಯನ್ನು ದೋಹಾದ ಹದಿನಾಲ್ಕು ವರ್ಷಗಳಲ್ಲಿ ನಾನು ಕಂಡಿಲ್ಲ. ಮೂಲ್ಕಿ ಕಡೆಯವನು, ಇಂಡಸ್ಟ್ರಿಯಲ್ ಏರಿಯಾದ ನಮ್ಮ ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಕಟಿಂಗ್ ಮೆಷಿನ್ ಅವನದು. ನಾನು ರೆಮಿಜಿಯಸ್, ಅದೇ ಕಂಪನಿಯ ಗುಮಾಸ್ತ. ಕೆಲಸಗಾರರ ರಜೆ, ವೀಸಾ, ವಿಮೆಯ ಕಾಗದ ಬರೆಯುವವನು ನಾನೇ, ಅವರನ್ನು ಬೈಯುವವನೂ ನಾನೇ.

೨೦೦೬ರ ಏಪ್ರಿಲಿನಲ್ಲಿ ಮೆಷಿನ್ ಅವನ ಬಲ ಹೆಬ್ಬೆರಳನ್ನು ಬುಡದ ತನಕ ಸೀಳಿತು. ಆಸ್ಪತ್ರೆಯವರು ಜೋಡಿಸಿ ಹೊಲಿದರು, ಬೆರಳು ಉಳಿಯಿತು. ವಿಮಾ ಕಂಪನಿಗೆ ಅಪಘಾತದ ಸೂಚನೆಯನ್ನು ನಾನು ಅಂದೇ ಕಳಿಸಿದ್ದೆ. ಹೊಲಿಗೆ ಬಿಚ್ಚಿಸಿದ ಮೇಲೆ ಆಸಾಮಿ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕೇಳಿದರೆ, "ಎಲ್ಲ ಸಮ ಆಯ್ತು ಪೊರ್ಬುಗಳೇ" ಎನ್ನುತ್ತಿದ್ದ. ನಮ್ಮೂರಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಆ ಮರ್ಯಾದೆಗೆ ಮರುಳಾಗಿ ನಂಬಿಬಿಟ್ಟೆ, ಪೆದ್ದ ನಾನು!

ಮರುವರ್ಷ ಮಾರ್ಚಿನಲ್ಲಿ ಮೆಸ್ಸಿನಲ್ಲಿ ಅವನೆದುರು ಊಟಕ್ಕೆ ಕುಳಿತೆ. ಅವನು ನಾಲ್ಕೇ ಬೆರಳಲ್ಲಿ ಅನ್ನ ಕಲಸುತ್ತಿದ್ದ. ಹೆಬ್ಬೆರಳು ಗೂಟದ ಹಾಗೆ ನೆಟ್ಟಗೆ ನಿಂತಿತ್ತು. ತುತ್ತು ಬಾಯಿಗೆ ಹೋಗುವ ಮೊದಲೇ ಅರ್ಧ ತಟ್ಟೆಗೆ ಬೀಳುತ್ತಿತ್ತು.

"ಎಂಥದು ಮಾರಾಯ ಇದು? ಮತ್ತೆ ಕಟಿಂಗ್ ಯಾರು ಮಾಡುವುದು?"

ಅವನು ತಲೆ ತಗ್ಗಿಸಿದ. "ನನ್ನ ಹೆಲ್ಪರ್ ಅಪ್ಪಯ್ಯ ಮಾಡ್ತಾನೆ. ನಾನು ಪೈಪು ಹೊತ್ತು ತಂದು ಕೊಡ್ತೇನೆ. ಯಾರಿಗೂ ಹೇಳ್ಬೇಡಿ."

ಹಿಂದಿನ ವರ್ಷ ಪೇಂಟರ್ ಅನ್ಸಾಫ್ ಮೆಡಿಕಲ್ ತಪಾಸಣೆಗೆ ಹೋಗಿ 'ಅನ್‌ಫಿಟ್' ಆಗಿ ವಾರದೊಳಗೆ ವಿಮಾನ ಹತ್ತಿದ್ದ. ಅಂದಿನಿಂದ ಕ್ಯಾಂಪಿನಲ್ಲಿ ಯಾರಿಗೂ ಡಾಕ್ಟರನ್ನು ಕಂಡರಾಗದು.

ನನಗೆ ಪಿತ್ತ ನೆತ್ತಿಗೇರಿತು. ಕಂಪನಿ ಎಲ್ಲರಿಗೂ ಅಪಘಾತ ವಿಮೆ ಮಾಡಿಸಿತ್ತು. ಹೆಬ್ಬೆರಳಿನ ಉಪಯೋಗ ಶಾಶ್ವತವಾಗಿ ಹೋದರೂ ಅದು ಭಾಗಶಃ ಅಂಗವೈಕಲ್ಯವೇ, ಪರಿಹಾರ ಉಂಟು. ಆದರೆ ನಮ್ಮ ಪಾಲಿಸಿಯ ಪ್ರಕಾರ ಅಪಘಾತವಾಗಿ ಹನ್ನೆರಡು ತಿಂಗಳೊಳಗೆ ಅದು ರುಜುವಾತಾಗಬೇಕು. ಕ್ಲೇಮ್ ಪತ್ರ, ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್, ಮಾಲೀಕರ ದೃಢೀಕರಣ ಮೂರೂ ಬೇಕು. ಉಳಿದದ್ದು ಐದು ವಾರ.

"ವಿಮೆ ಬೇಡ ಪೊರ್ಬುಗಳೇ, ಕೆಲಸ ಸಾಕು."

"ನಿನ್ನ ಮಂಡೆ ಸಮ ಉಂಟಾ? ಕ್ಲೇಮ್ ಹಾಕಿದ್ದಕ್ಕೆ ಯಾರೂ ವೀಸಾ ಕ್ಯಾನ್ಸಲ್ ಮಾಡುವುದಿಲ್ಲ" ಎಂದು ಗದರಿದೆ. ಮ್ಯಾನೇಜರ್ ಆಲ್ಬರ್ಟ್ ಏನು ಮಾಡುತ್ತಾರೋ ಎಂಬ ಹೆದರಿಕೆ ನನಗೂ ಇತ್ತು.

ಮಾರ್ಚ್ ಕೊನೆಗೆ ಬೋರ್ಡಿನೆದುರು ನಿಂತೆವು. ಮೂವರು ಡಾಕ್ಟರುಗಳು. ಮಾತು ತಿಳಿಸಲು ನಾನು. ಹಿರಿಯ ಡಾಕ್ಟರು ಕೈ ಹಿಡಿದು ಹೇಗಿದೆ ಎಂದು ಕೇಳಿದ್ದೇ ತಡ, ನಮ್ಮವನು ಎದೆ ಸೆಟೆದು, "ನೋ ಪ್ರಾಬ್ಲಂ ಸಾರ್! ಫುಲ್ ಡ್ಯೂಟಿ!" ಎಂದುಬಿಟ್ಟ. ಅಯ್ಯೋ ದೇವರೇ! ಇನ್ನೊಬ್ಬ ಡಾಕ್ಟರು ಪೆನ್ನು ಕೈಗೆತ್ತಿಕೊಂಡರು. ಅದನ್ನೇ ಬರೆದರೆ ಖಲಾಸ್.

ಹಿರಿಯರು ಅವರನ್ನು ತಡೆದು ದುಗ್ಗುವಿಗೆ ಶರ್ಟಿನ ಗುಂಡಿ ಬಿಚ್ಚಲು ಹೇಳಿದರು. ಎಡಗೈ ಮೇಲೆದ್ದಿತು. ಅವರು ಅದನ್ನು ಮೆಲ್ಲಗೆ ಕೆಳಗಿಳಿಸಿ, ಬಲಗೈ ತೋರಿಸಿದರು. ದುಗ್ಗು ಎರಡು ಬೆರಳ ಸಂದಿಗೆ ಗುಂಡಿ ಸಿಕ್ಕಿಸಿ ಎಳೆದ. ಜಾರಿತು. ಮತ್ತೆ ಎಳೆದ. ಹಣೆಯ ಬೆವರು ಮೂಗಿನ ತುದಿಗೆ ಬಂತು, ಆದರೂ ಬಿಡಲೊಲ್ಲ. ನನಗೆ ನೋಡಲಾಗಲಿಲ್ಲ.

"ಸಾಕು ದುಗ್ಗು. ಇದ್ದದ್ದು ಹೇಳು."

"ಆಗುದಿಲ್ಲ ಸಾರ್," ಎಂದ ಕನ್ನಡದಲ್ಲೇ. "ಹನ್ನೊಂದು ತಿಂಗಳಿಂದ ಆಗುದಿಲ್ಲ." ಆಮೇಲೆ ಅತ್ತ. ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಬಲ ಹೆಬ್ಬೆರಳಿನ ಉಪಯೋಗ ಪೂರ್ತಿ, ಶಾಶ್ವತವಾಗಿ ನಷ್ಟವೆಂದು ಮೂವರೂ ಸಹಿ ಮಾಡಿದರು. ಹೊರಡುವಾಗ ಹಿರಿಯರು ನನ್ನ ಭುಜ ಮುಟ್ಟಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು.

ಮರುದಿನ ಸರ್ಟಿಫಿಕೇಟನ್ನೂ ದೃಢೀಕರಣದ ಕರಡನ್ನೂ ಆಲ್ಬರ್ಟರ ಮುಂದಿಟ್ಟೆ. ಅಪಘಾತದ ದಿನ, ಜಾಗ, ಡ್ಯೂಟಿಯ ಹೊತ್ತು, ಆಸ್ಪತ್ರೆ ರಜೆ ಎಲ್ಲ ಅದರಲ್ಲಿತ್ತು. ಕೊನೆಯ ಸಾಲು, 'ಈಗಿನ ಉದ್ಯೋಗ', ಖಾಲಿ. ಆಲ್ಬರ್ಟ್ ಎರಡೂ ಓದಿ ಮೇಜು ಗುದ್ದಿದರು.

"ಈ ಕೈಯಲ್ಲಿ ಮೆಷಿನ್ ಹತ್ತಿರವಾ? ಸಾಯ್ಲಿಕ್ಕಾ? ಇನ್ನು ಅತ್ತ ಕಾಲಿಟ್ಟರೆ ಜಾಗ್ರತೆ!"

ಬಾಗಿಲಲ್ಲಿ ನಿಂತಿದ್ದ ದುಗ್ಗುವಿನ ಮುಖ ಬಿಳಿಚಿತು. ಆಲ್ಬರ್ಟ್ ಪೆನ್ನು ತೆಗೆದು ಖಾಲಿ ಸಾಲಿನಲ್ಲಿ ಬರೆದು, ಸೀಲು ಹಾಕಿ ನನ್ನತ್ತ ದೂಡಿದರು: 'ಸ್ಟೋರ್ ಅಸಿಸ್ಟೆಂಟ್. ಸೇವೆಯಲ್ಲಿ ಮುಂದುವರಿದಿದ್ದಾರೆ.'

ಕ್ಲೇಮ್ ಪತ್ರಕ್ಕೆ ಎರಡನ್ನೂ ಪಿನ್ ಮಾಡಿ, ಅವಧಿಗೆ ಹತ್ತು ದಿನ ಮೊದಲೇ ವಿಮಾ ಕಚೇರಿಗೆ ಕೊಟ್ಟು, ಪಡೆದುಕೊಂಡದ್ದಕ್ಕೆ ಸೀಲು ಹಾಕಿಸಿಕೊಂಡು ಬಂದೆವು. ಮೆಟ್ಟಿಲಿಳಿಯುವಾಗ ದುಗ್ಗು ನಗುತ್ತಿದ್ದ.

"ಕೆಲಸ ಉಂಟಲ್ಲ ಪೊರ್ಬುಗಳೇ, ಅಷ್ಟು ಸಾಕು. ಅಲ್ಲ, ನಿನ್ನೆ ಆ ದೊಡ್ಡ ಡಾಕ್ಟ್ರು ನಿಮ್ಮತ್ರ ಎಂಥ ಹೇಳಿದ್ದು?"

ಹೊಲಿಗೆ ಬಿಚ್ಚಿಸಿದ ಮೇಲೆ ಮೂರು ತಿಂಗಳು ಬಂದು ವ್ಯಾಯಾಮ ಮಾಡಿಸಿಕೊಂಡಿದ್ದರೆ ಈ ಬೆರಳು ಬಹುಶಃ ಮಡಚುತ್ತಿತ್ತು ಎಂದಿದ್ದರು.

"ಎಂಥದೂ ಇಲ್ಲ. ಕಾಗದ ಜಾಗ್ರತೆ ಎಂದರು," ಎಂದು ಹೇಳಿ, ಅವನಿಗಿಂತ ಮುಂದೆ ನಡೆದೆ.